ಅಪ್‌ಡೇಟ್: ನಲವತ್ತು ವರ್ಷ ತಡವಾಗಿ ಮರಳಿದ ಪುಸ್ತಕದ ಕತೆ

ನನ್ನ ಪ್ರಶ್ನೆ: "ಹನ್ನೆರಡನೆಯ ವಯಸ್ಸಿನಲ್ಲಿ ಗ್ರಂಥಾಲಯದಿಂದ ಒಯ್ದ ಪುಸ್ತಕವನ್ನು ಹುಡುಗನೊಬ್ಬ ನಲವತ್ತು ವರ್ಷಗಳ ನಂತರ ಹಿಂದಿರುಗಿಸುವ ಕತೆ ಬರೆದಿದ್ದೇನೆ. ದಂಡ ಮನ್ನಾ ಆಗುವ ಕೊನೆಯ ದೃಶ್ಯ ಸಪ್ಪೆಯೆನಿಸುತ್ತಿದೆ. ಹೇಗೆ ತಿದ್ದಲಿ?"

ದಂಡದ ಮಾತನ್ನೇ ಕೈಬಿಟ್ಟೆ. ಸುಮಾರು 14,600 ದಿನಗಳ ಲೆಕ್ಕ ಓದುಗರನ್ನು ಬೆರಗುಗೊಳಿಸುತ್ತದೆಯೇ ಹೊರತು ಪಾತ್ರದ ಒಳಗೆ ಏನನ್ನೂ ಅಲುಗಿಸುವುದಿಲ್ಲ.

ಕತೆಗೆ ದಾರಿ ತೋರಿಸಿದ್ದು ಹಳೆಯ ಕಾರ್ಡ್ ಪದ್ಧತಿ. ಆಗ ಪುಸ್ತಕ ಕೊಡುವಾಗ ಅದರ ಒಳರಟ್ಟಿನ ಕಾಗದದ ಜೇಬಿನಿಂದ ಪುಸ್ತಕದ ಕಾರ್ಡನ್ನು ತೆಗೆದು, ಓದುಗನ ಟಿಕೆಟ್ಟಿನೊಳಗೆ ಸೇರಿಸಿ, ಹಿಂದಿರುಗಿಸಬೇಕಾದ ದಿನಾಂಕದ ಸಾಲಿನಲ್ಲಿ ಇಡುತ್ತಿದ್ದರು. ಪುಸ್ತಕ ಮರಳಿದಾಗ ಕಾರ್ಡು ಮತ್ತೆ ಜೇಬಿಗೆ ಸೇರುತ್ತಿತ್ತು. ಹಾಗಾಗಿ ನನ್ನ ಹುಡುಗನ ಬಳಿಯಿದ್ದ ಪುಸ್ತಕದ ಜೇಬು ಅಷ್ಟೂ ವರ್ಷ ಖಾಲಿಯೇ ಇತ್ತು.

ಈಗಿನ ದೃಶ್ಯದಲ್ಲಿ ಬಾರ್‌ಕೋಡ್ ಇಲ್ಲದ ಆ ಪುಸ್ತಕ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಗ್ರಂಥಪಾಲಕಿ ಶೀರ್ಷಿಕೆ ಪುಟದ ಹಿಂಬದಿಯ ದಾಖಲಾತಿ ಸಂಖ್ಯೆಯನ್ನು ಹಿಡಿದು ಹಳೆಯ ರಿಜಿಸ್ಟರ್ ತೆರೆದಾಗ, ಆ ಸಾಲಿನ ಷರಾ ಕಾಲಮಿನಲ್ಲಿ "ಕಳೆದಿದೆ, ಲೆಕ್ಕದಿಂದ ತೆಗೆದಿದೆ" ಎಂದು ಬರೆದಿರುತ್ತದೆ. ಅಂದರೆ ಅವನು ಹೊತ್ತ ಸಾಲವನ್ನು ಗ್ರಂಥಾಲಯ ಎಂದೋ ಮರೆತಿತ್ತು. ಕ್ಷಮಿಸುವವರೇ ಇಲ್ಲದ ಈ ಸ್ಥಿತಿ ಮನ್ನಾಕ್ಕಿಂತ ಕಠಿಣವೆಂದು ನನಗೆ ಅನಿಸಿತು.

ಐವತ್ತೆರಡರ ಅವನನ್ನು ನಿರೂಪಣೆ ಈಗಲೂ "ಹುಡುಗ" ಎಂದೇ ಕರೆಯುತ್ತದೆ. ಅದನ್ನು ಬದಲಿಸಲು ನನಗೆ ಮನಸ್ಸಾಗಲಿಲ್ಲ. ಕೊನೆಯ ವಾಕ್ಯದಲ್ಲಿ ಅವನ ಬೆರಳು ಆ ಖಾಲಿ ಜೇಬಿನ ಅಂಚನ್ನು ಸವರುತ್ತದೆ.