ಅಪ್‌ಡೇಟ್: ಸ್ಕೂಟರ್ ಶೋರೂಂ ವಾಯ್ಸ್‌ಓವರ್ ರೆಡಿ ಆಯಿತು

ನಾನು ಕೇಳಿದ್ದು: "ಎಲೆಕ್ಟ್ರಿಕ್ ಸ್ಕೂಟರ್ ಜಾಹೀರಾತು 20 ಸೆಕೆಂಡಿನದು. ನನ್ನ ಸ್ಕ್ರಿಪ್ಟ್ ಓದಿದರೆ 31 ಆಗುತ್ತಿದೆ. ಏನು ತೆಗೆಯಲಿ?"

ಬ್ಯಾಟರಿ, ಮೋಟರ್ ವಿವರ ಪೂರ್ತಿ ತೆಗೆದೆ. ಅದು ಈಗ ಸ್ಕ್ರೀನ್ ಮೇಲೆ ಬರುತ್ತದೆ. ‘ಪರಿಸರಸ್ನೇಹಿ ದ್ವಿಚಕ್ರ ವಾಹನ’ ಅನ್ನುವಾಗ ನಾಲಿಗೆ ತೊಡರುತ್ತಿತ್ತು, ‘ಗಾಡಿ’ ಅಂತ ಮಾಡಿದೆ.

"ಕೀ ತಿರುಗಿಸಿ. ಸದ್ದು ಕೇಳಿಸ್ತಾ? (ಒಂದು ಸೆಕೆಂಡ್ ಮೌನ) ಇಲ್ಲ ಅಲ್ವಾ! ಗಾಡಿ ಆಗ್ಲೇ ಆನ್ ಆಗಿದೆ. ರಾತ್ರಿ ಚಾರ್ಜ್‌ಗೆ ಹಾಕಿ, ಬೆಳಿಗ್ಗೆ ಹೊರಡಿ. ನಾವು ಹೇಳೋದು ಬೇಡ, ನೀವೇ ಓಡಿಸಿ ನೋಡಿ. ಟೆಸ್ಟ್ ರೈಡ್ ಫ್ರೀ. ಲೈಸೆನ್ಸ್ ತನ್ನಿ, ಇವತ್ತೇ ಬನ್ನಿ!"

ಈಗ 19 ಸೆಕೆಂಡ್. ಆ ಮೌನದಲ್ಲಿ ಮ್ಯೂಸಿಕ್ ಕೂಡ ನಿಲ್ಲಿಸಿದ್ದೇವೆ, ನನಗೆ ಅದೇ ಜಾಸ್ತಿ ಇಷ್ಟ. ಲೈಸೆನ್ಸ್ ಮಾತು ಮಾತ್ರ ತೆಗೆಯಲಿಲ್ಲ. ಬಂದವರು ಸುಮ್ನೆ ವಾಪಸ್ ಹೋಗಬಾರದು.