ದೇವಸ್ಥಾನದ ಪ್ರಾಕಾರದಲ್ಲಿ ನಾಲ್ಕು ಕಿಲೋಮೀಟರ್ ನಡೆಯಲು ಎಷ್ಟು ಸುತ್ತು?

ಮುಂಜಾವಿನ ನಡಿಗೆ (ಪ್ರಶ್ನೆ): ವೈದ್ಯರು ದಿನಕ್ಕೆ 4 ಕಿ.ಮೀ. ನಡೆಯಲು ಹೇಳಿದ್ದಾರೆ. ನಮ್ಮ ಊರಿನ ದೇವಸ್ಥಾನದ ಹೊರಪ್ರಾಕಾರದಲ್ಲಿ ಬರಿಗಾಲಿನಲ್ಲಿ ಸುತ್ತುತ್ತೇನೆ. ಫೋನು ಒಂದು ದಿನ 18 ಸುತ್ತಿಗೇ 4 ಕಿ.ಮೀ. ಆಯಿತೆನ್ನುತ್ತದೆ, ಇನ್ನೊಂದು ದಿನ 22 ಸುತ್ತಾದ ಮೇಲೆ ಹೇಳುತ್ತದೆ. ಗುಡಿಯ ಜಗಲಿ 58 ಮೀಟರ್ ಉದ್ದ, 34 ಮೀಟರ್ ಅಗಲವಿದೆ. ಜಗಲಿಗೂ ಪೌಳಿಯ ಗೋಡೆಗೂ ನಡುವೆ ಎಲ್ಲ ಕಡೆ 5 ಮೀಟರ್ ಹಾದಿಯಿದೆ. ನಿಜಕ್ಕೂ ಎಷ್ಟು ಸುತ್ತು ಬೇಕು?

ಲೆಕ್ಕಿಗ: ಫೋನನ್ನು ಬದಿಗಿಟ್ಟು ಗೋಡೆಯನ್ನೇ ಅಳೆಯಿರಿ. ಜಗಲಿಯ ಎರಡೂ ಕಡೆ ಐದೈದು ಮೀಟರ್ ಸೇರಿಸಿದರೆ ಪೌಳಿಯ ಒಳಗಿನ ಅಳತೆ 68 ಮತ್ತು 44 ಮೀಟರ್ ಆಗುತ್ತದೆ. ಇವೆರಡನ್ನು ಕೂಡಿಸಿ ಇಮ್ಮಡಿ ಮಾಡಿದರೆ ಒಂದು ಸುತ್ತಿಗೆ 224 ಮೀಟರ್. ನಾಲ್ಕು ಸಾವಿರವನ್ನು ಅದರಿಂದ ಭಾಗಿಸಿದರೆ 17.86 ಬರುವುದರಿಂದ 18 ಸುತ್ತು ಸಾಕು. ಮೊದಲ ದಿನ ಫೋನು ಹೇಳಿದ್ದೇ ಸರಿ.

ಸರಪಳಿ: ನಾನು ಮೋಜಣಿ ಕೆಲಸದಲ್ಲಿ ಬಹಳ ವರ್ಷ ಸರಪಳಿ ಎಳೆದವನು. ಲೆಕ್ಕಿಗರ ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಅವರು ಅಳೆದದ್ದು ಗೋಡೆಯನ್ನೇ ಹೊರತು ನಡೆಯುವವರ ಹೆಜ್ಜೆಯ ಜಾಡನ್ನಲ್ಲ. ಗೋಡೆಗೆ ಭುಜ ತಾಗಿಸಿಕೊಂಡು ಹೋಗಿ, ಪ್ರತಿ ಮೂಲೆಯಲ್ಲೂ ಗೋಡೆಗಳು ಕೂಡುವಲ್ಲಿಯವರೆಗೆ ನಡೆದು ಅಲ್ಲಿ ಲಂಬಕೋನದಲ್ಲಿ ತಿರುಗುವವರು ಯಾರೂ ಇಲ್ಲ. ಮೂಲೆ ಬಂದಾಗ ಕಾಲು ತಾನಾಗಿ ದುಂಡಗೆ ತಿರುಗುತ್ತದೆ.

ಹಾಗಾಗಿ ಜಗಲಿಯಿಂದ ಲೆಕ್ಕ ಶುರುಮಾಡುವುದು ಒಳ್ಳೆಯದು. ಜಗಲಿಯ ಸುತ್ತಳತೆ 184 ಮೀಟರ್. ಅದರಿಂದ ಒಂದು ಮೀಟರ್ ದೂರದಲ್ಲಿ ನಡೆಯುವಾಗ ನೇರ ಬದಿಗಳಲ್ಲಿ ದೂರವೇನೂ ಹೆಚ್ಚುವುದಿಲ್ಲ, ಹೆಚ್ಚುವುದು ಮೂಲೆಗಳಲ್ಲಿ ಮಾತ್ರ. ಪ್ರತಿ ಮೂಲೆಯಲ್ಲೂ ಕಾಲು ಭಾಗ ವೃತ್ತದಷ್ಟು ತಿರುಗುತ್ತೇವೆ, ನಾಲ್ಕು ಮೂಲೆ ಸೇರಿದರೆ ಒಂದು ಪೂರ್ಣ ವೃತ್ತವಾಗುತ್ತದೆ. ಒಂದು ಮೀಟರ್ ತ್ರಿಜ್ಯದ ವೃತ್ತದ ಪರಿಧಿ 6.28 ಮೀಟರ್. ಗುಡಿ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಜಗಲಿಯಿಂದ ಒಂದು ಮೀಟರ್ ಹೊರಗೆ ಸರಿದರೆ ಸುತ್ತಿಗೆ ಕೂಡುವುದು ಅಷ್ಟೇ.

ಈಗ ನಿಮ್ಮ ಹಾದಿಯನ್ನು ನೋಡೋಣ. ಜಗಲಿಗೆ ಒಂದು ಮೀಟರ್ ಹತ್ತಿರ ನಡೆದರೆ ಒಂದು ಸುತ್ತು ಸುಮಾರು 190 ಮೀಟರ್, ಆಗ 21 ಸುತ್ತು ಬೇಕು. ಗೋಡೆಯ ಕಡೆಗೆ ಸರಿದು ಜಗಲಿಯಿಂದ ನಾಲ್ಕು ಮೀಟರ್ ದೂರದಲ್ಲಿ ನಡೆದರೆ ಸುತ್ತು ಸುಮಾರು 209 ಮೀಟರ್, ಆಗ 19 ಸುತ್ತಿಗೆ ಇಪ್ಪತ್ತೇಳು ಮೀಟರ್ ಮಾತ್ರ ಕಡಿಮೆ ಬೀಳುತ್ತದೆ. ಹಾದಿಯ ನಟ್ಟನಡುವೆ ನಡೆದರೆ ಸುತ್ತಿಗೆ 199.7 ಮೀಟರ್ ಆಗಿ, 20 ಸುತ್ತಿಗೆ ನಾಲ್ಕು ಕಿಲೋಮೀಟರ್ ಬಹುತೇಕ ತುಂಬುತ್ತದೆ. ಒಂದೇ ಹಾದಿಯಲ್ಲಿ ಯಾವ ಅಂಚು ಹಿಡಿದಿರಿ ಎಂಬುದರಿಂದಲೇ ಎರಡು ಸುತ್ತಿನ ವ್ಯತ್ಯಾಸ ಬರುತ್ತದೆ.

ಲೆಕ್ಕಿಗ: ಮೂಲೆಯ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೆ ಉಪಗ್ರಹವನ್ನು ನೋಡಿ ಲೆಕ್ಕ ಹಾಕುವ ಫೋನು ಒಂದು ದಿನ 18, ಇನ್ನೊಂದು ದಿನ 22 ಎನ್ನುವುದಕ್ಕೆ ಅಂಚು ಬದಲಾದದ್ದೊಂದೇ ಕಾರಣವಾಗಲಾರದು.

ಸರಪಳಿ: ಆಗಲಾರದು. ಜಿಪಿಎಸ್ ತೋರಿಸುವ ಜಾಗದಲ್ಲಿ ಆಕಾಶ ತೆರೆದಿರುವಾಗಲೂ ಕೆಲವು ಮೀಟರುಗಳ ತಪ್ಪು ಇದ್ದೇ ಇರುತ್ತದೆ. ಉದ್ದನೆಯ ನೇರ ರಸ್ತೆಯಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ. ಐದು ಮೀಟರ್ ಅಗಲದ ಓಣಿಯಂತಹ ಪ್ರಾಕಾರದಲ್ಲಿ ಒಂದು ಕಡೆ ಗುಡಿಯ ಕಲ್ಲುಗೋಡೆ, ಇನ್ನೊಂದು ಕಡೆ ಪೌಳಿ, ಮುಂದೆ ಗೋಪುರ ಇರುವಾಗ ಸಂಕೇತವು ಗೋಡೆಗೆ ಬಡಿದು ತಡವಾಗಿ ಬರುತ್ತದೆ, ಫೋನು ನೀವಿಲ್ಲದ ಕಡೆ ನಿಮ್ಮನ್ನು ಗುರುತಿಸುತ್ತದೆ. ಗುರುತುಗಳು ಅತ್ತಿತ್ತ ಓಲಾಡಿದ ದಿನ ದೂರ ಹೆಚ್ಚಾಗಿ ಕಾಣುತ್ತದೆ. ಗುರುತುಗಳು ವಿರಳವಾಗಿ ಬಿದ್ದ ದಿನ ಫೋನು ಮೂಲೆಗಳನ್ನು ಕತ್ತರಿಸಿ ಅಡ್ಡಗೆರೆ ಎಳೆಯುವುದರಿಂದ ದೂರ ಕಡಿಮೆಯಾಗುತ್ತದೆ. ನಡೆದು ಮುಗಿದ ಮೇಲೆ ನಕ್ಷೆಯಲ್ಲಿ ಜಾಡನ್ನು ತೆರೆದು ನೋಡಿ. ಗೆರೆಗಳು ಗರ್ಭಗುಡಿಯ ಮೇಲೆಯೋ ಪೌಳಿಯ ಆಚೆಗಿನ ಬೀದಿಯಲ್ಲೋ ಹಾದುಹೋಗಿದ್ದರೆ ಆ ದಿನದ ಅಂಕಿಯನ್ನು ನಂಬಬೇಡಿ.

ಗಿರಿಪ್ರದಕ್ಷಿಣೆ: ಇಷ್ಟೆಲ್ಲ ಲೆಕ್ಕ ಏಕೆ ಬೇಕೆಂದು ತಿಳಿಯುತ್ತಿಲ್ಲ. ನಾನು ಹುಣ್ಣಿಮೆಗೆ ತಿರುವಣ್ಣಾಮಲೈಗೆ ಹೋಗುತ್ತೇನೆ. ಅರುಣಾಚಲವನ್ನು ಒಂದು ಸುತ್ತು ಬಂದರೆ 14 ಕಿಲೋಮೀಟರ್ ಆಗುತ್ತದೆ, ಒಂದೇ ಸುತ್ತು ಸಾಕು. ಹಾದಿಯಲ್ಲಿ ಇಂದ್ರಲಿಂಗದಿಂದ ಈಶಾನ್ಯಲಿಂಗದವರೆಗೆ ಎಂಟು ಲಿಂಗಗಳಿವೆ. ಒಂದೊಂದು ಲಿಂಗ ಬಂದಾಗ ಎಂಟರಲ್ಲಿ ಒಂದು ಪಾಲು ಆಯಿತೆಂದು ನಾನು ಲೆಕ್ಕ ಹಿಡಿಯುತ್ತೇನೆ.

ಸರಪಳಿ: ಕೇಳಿದವರದು ದಿನನಿತ್ಯದ ನಡಿಗೆ, ಅದೂ ಇನ್ನೂರು ಮೀಟರಿನ ಸುತ್ತು. ನಿಮ್ಮ ಮಾತಿನಲ್ಲಿ ಇನ್ನೊಂದು ತೊಡಕೂ ಇದೆ. ಎಂಟು ಲಿಂಗಗಳು ಎಂಟು ದಿಕ್ಕಿಗೆ ಸೇರಿದವೇ ಹೊರತು ಹಾದಿಯ ಮೇಲೆ ಸಮಾನ ಅಂತರದಲ್ಲಿಲ್ಲ. ಮೊದಲನೆಯ ಎರಡು ಪೇಟೆಯಲ್ಲಿ ದೇವಸ್ಥಾನದ ಹತ್ತಿರವೇ ಸಿಗುತ್ತವೆ. ನಾಲ್ಕನೆಯದಾದ ನಿರುತಿಲಿಂಗ ಬಂತೆಂದರೆ ಅರ್ಧ ಹಾದಿ ಅಂದರೆ 7 ಕಿಲೋಮೀಟರ್ ಆಯಿತೆಂದು ತಿಳಿದರೆ ಲೆಕ್ಕ ತಪ್ಪಬಹುದು.

ಬೆಟ್ಟದ ಬುಡ: ಬೆಟ್ಟದ ಮಾತು ಬಂದದ್ದರಿಂದ ನನ್ನದೊಂದು ಸಂದೇಹ. ನಮ್ಮ ಊರಿನ ಗುಡ್ಡದ ಬುಡದಲ್ಲಿ ಸುತ್ತುಹಾದಿಯಿದೆ, ನಕ್ಷೆಯಲ್ಲಿ ಅಳೆದರೆ 1.3 ಕಿಲೋಮೀಟರ್ ಬರುತ್ತದೆ. ಹಾದಿ ಏರಿಳಿಯುವುದರಿಂದ ನಿಜವಾದ ದೂರ ಅದಕ್ಕಿಂತ ಬಹಳ ಹೆಚ್ಚೆಂದು, ಮೂರು ಸುತ್ತಿನ ಬದಲು ಎರಡೂವರೆ ಸಾಕೆಂದು ಗೆಳೆಯರು ಹೇಳುತ್ತಾರೆ.

ಸರಪಳಿ: ಏರಿಳಿತದಿಂದ ಅಷ್ಟು ಹೆಚ್ಚುವುದಿಲ್ಲ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಹಾದಿ ಕಾಲಿಗೆ ಚೆನ್ನಾಗಿಯೇ ದಣಿವು ಕೊಡುತ್ತದೆ. ಆದರೂ ನಕ್ಷೆಯ ನೂರು ಮೀಟರಿಗೆ ಅಲ್ಲಿ ನಡೆಯುವುದು ನೂರು ಮೀಟರಿನ ಮೇಲೆ ಅರ್ಧ ಮೀಟರ್ ಮಾತ್ರ. ನಿಮ್ಮ ಮೂರು ಸುತ್ತಿನ 3.9 ಕಿಲೋಮೀಟರಿಗೆ ಇದರಿಂದ ಇಪ್ಪತ್ತು ಮೀಟರಿನಷ್ಟು ಕೂಡಬಹುದು. ಎರಡೂವರೆ ಸುತ್ತಿಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಕೊರತೆಯಾಗುತ್ತದೆ. ಆದರೆ ನಕ್ಷೆಯಲ್ಲಿ ಹೇಗೆ ಅಳೆದಿರಿ ಎಂಬುದನ್ನು ನೋಡಬೇಕು. ಹತ್ತೆಂಟು ಕಡೆ ಚುಕ್ಕಿಯಿಟ್ಟು ನೇರಗೆರೆಯಿಂದ ಜೋಡಿಸಿದ್ದರೆ ತಿರುವುಗಳೆಲ್ಲ ನುಂಗಿಹೋಗಿರುತ್ತವೆ, ಆಗ ನಿಜವಾದ ಹಾದಿ 1.3ಕ್ಕಿಂತ ಉದ್ದವೇ ಇರಬೇಕು. ಸೈಕಲ್ ಹೋಗುವ ಹಾದಿಯಾದರೆ ಚಕ್ರದ ಟಯರಿಗೆ ಸುಣ್ಣದ ಗುರುತು ಹಾಕಿ, ಒಂದು ಉರುಳಿಗೆ ಎಷ್ಟು ದೂರವೆಂದು ನೆಲದ ಮೇಲೆ ಟೇಪಿನಿಂದ ಅಳೆದುಕೊಂಡು, ಒಮ್ಮೆ ತಳ್ಳಿಕೊಂಡು ಹೋಗಿ ಉರುಳುಗಳನ್ನು ಎಣಿಸಿ. ಅದಕ್ಕಿಂತ ನಂಬಿಕೆಯ ಅಳತೆ ನಮ್ಮ ನಿಮ್ಮ ಕೈಗೆ ಸುಲಭವಾಗಿ ಸಿಗಲಾರದು.

ತುಳಸಿಕಟ್ಟೆ: ದೂರವನ್ನು ಅಳೆಯುವುದರ ಬಗ್ಗೆಯೇ ಎಲ್ಲರೂ ಬರೆಯುತ್ತಿದ್ದೀರಿ. ಎಣಿಕೆಯೇ ತಪ್ಪಿದರೆ ಆ ಅಳತೆಯಿಂದ ಏನು ಪ್ರಯೋಜನ? ನಾನು ಇಪ್ಪತ್ತು ವರ್ಷಗಳಿಂದ ಪ್ರದಕ್ಷಿಣೆ ಹಾಕುತ್ತಿರುವವಳು. ಎಲ್ಲರೂ ಮಾಡುವ ತಪ್ಪೊಂದಿದೆ. ಧ್ವಜಸ್ತಂಭದ ಎದುರಿನಿಂದ ಹೊರಡುವಾಗಲೇ ‘ಒಂದು’ ಎನ್ನುತ್ತಾರೆ, ಮತ್ತೆ ಅಲ್ಲಿಗೆ ಬಂದಾಗ ‘ಎರಡು’ ಎನ್ನುತ್ತಾರೆ. ಇಪ್ಪತ್ತು ಎಂದು ಹೇಳಿ ನಿಲ್ಲುವಾಗ ಮುಗಿದಿರುವುದು ಹತ್ತೊಂಬತ್ತೇ. ತಿರುಗಿ ಧ್ವಜಸ್ತಂಭ ಮುಟ್ಟಿದ ಮೇಲೆಯೇ ‘ಒಂದು’ ಎನ್ನಬೇಕು.

ಸಹಸ್ರನಾಮ ಹೇಳಿಕೊಂಡು ಸುತ್ತುವಾಗ ನಾಲಿಗೆಯಲ್ಲಿ ಎಣಿಕೆ ನಿಲ್ಲುವುದಿಲ್ಲ. ಆದ್ದರಿಂದ ಇಪ್ಪತ್ತು ಹುಣಸೆಬೀಜಗಳನ್ನು ಎಣಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತೇನೆ. ಸುತ್ತು ಮುಗಿದಾಗಲೆಲ್ಲ ಒಂದನ್ನು ಬಲಿಪೀಠದಿಂದ ಆಚೆ ಜಗಲಿಯ ಮೂಲೆಯಲ್ಲಿಡುತ್ತೇನೆ. ಬೀಜ ಮರೆತ ದಿನ ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತಾ ಹೋಗುತ್ತೇನೆ. ಒಂದು ಕೈಯಲ್ಲಿ ಹನ್ನೆರಡು ಸಿಗುತ್ತವೆ, ಇನ್ನೊಂದು ಕೈಯಲ್ಲಿ ಎಂಟು ಸೇರಿದರೆ ಇಪ್ಪತ್ತಾಯಿತು.

ಸರಪಳಿ: ತಾಯಿ, ತಾವು ಹೇಳಿದ ಮೊದಲ ಮಾತನ್ನು ನಾನು ಬರೆಯಬೇಕಾಗಿತ್ತು. ಒಂದು ಸುತ್ತು ತಪ್ಪಿದರೆ ನೂರಕ್ಕೆ ಐದರಷ್ಟು ದೂರ ಹೋಯಿತು, ಹಾದಿಯ ನಡುವಿನಿಂದ ಅಂಚಿಗೆ ಸರಿದದ್ದರಷ್ಟೇ ದೊಡ್ಡ ತಪ್ಪು ಅದು. ಬೀಜದ ಜೊತೆಗೆ ಗಡಿಯಾರವನ್ನೂ ಇಟ್ಟುಕೊಳ್ಳಬಹುದು. ನನಗೆ ಇಂತಹ ಒಂದು ಸುತ್ತಿಗೆ 2 ನಿಮಿಷ 36 ಸೆಕೆಂಡು ಹಿಡಿಯುತ್ತದೆ, ಇಪ್ಪತ್ತಕ್ಕೆ 52 ನಿಮಿಷವಾಗಬೇಕು. ಅದೇ ವೇಗದಲ್ಲಿ ನಡೆದೂ ಗಡಿಯಾರ 49 ನಿಮಿಷ ಚಿಲ್ಲರೆ ತೋರಿಸಿದರೆ ಒಂದು ಸುತ್ತು ಎಲ್ಲಿಯೋ ಬಿಟ್ಟುಹೋಗಿದೆ.

ತುಳಸಿಕಟ್ಟೆ: ಇನ್ನೊಂದು ಮಾತು ಕೇಳುತ್ತೇನೆ. ಅದು ಶಿವನ ಗುಡಿಯೇ? ನಮ್ಮ ಕಡೆ ಶಿವಾಲಯದಲ್ಲಿ ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ದಾಟುವುದಿಲ್ಲ, ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂತಿರುಗುತ್ತೇವೆ. ಹಾಗೆ ನಡೆದರೆ ನಿಮ್ಮ ಇನ್ನೂರು ಮೀಟರಿನ ಲೆಕ್ಕ ನಿಲ್ಲುವುದಿಲ್ಲ.

ಲೆಕ್ಕಿಗ: ಹೊರಪ್ರಾಕಾರದಲ್ಲಿ ಆ ನಿಯಮ ಇಲ್ಲವೆಂದು ನಮ್ಮ ಊರಿನ ಅರ್ಚಕರು ಹೇಳುತ್ತಾರೆ.

ತುಳಸಿಕಟ್ಟೆ: ನಮ್ಮ ಊರಿನ ಅರ್ಚಕರು ಇದೆ ಎನ್ನುತ್ತಾರೆ. ಸೋಮಸೂತ್ರದವರೆಗೆ ಹೋಗಿ ಬರುವವರು ಆ ಹೋಗಿಬರುವ ದೂರವನ್ನೇ ಅಳೆದುಕೊಳ್ಳಬೇಕಾಗುತ್ತದೆ, ಅದು ಒಂದು ಪೂರ್ಣ ಸುತ್ತಿಗಿಂತ ಹೆಚ್ಚೇ ಇರುತ್ತದೆ.

ಮಂಡಿನೋವು: ಪ್ರದಕ್ಷಿಣೆಯಲ್ಲಿ ಯಾವಾಗಲೂ ಬಲಕ್ಕೇ ತಿರುಗುತ್ತೇವಲ್ಲ, ಇಪ್ಪತ್ತು ಸುತ್ತಿಗೆ ಎಂಬತ್ತು ತಿರುವು. ನನಗೆ ಹದಿನೈದನೆಯ ಸುತ್ತಿನ ಹೊತ್ತಿಗೆ ಬಲ ಮಂಡಿ ಮಾತ್ರ ನೋಯಲು ಶುರುವಾಗುತ್ತದೆ, ರಸ್ತೆಯಲ್ಲಿ ಅಷ್ಟೇ ದೂರ ನಡೆದರೆ ನೋಯುವುದಿಲ್ಲ. ಬೇರೆ ಯಾರಿಗಾದರೂ ಹೀಗಾಗಿದೆಯೇ?

ಬೆಟ್ಟದ ಬುಡ: ನನ್ನ ಹಾದಿಯ ತಿರುವುಗಳು ದೊಡ್ಡವಾದ್ದರಿಂದ ನನಗೆ ಗೊತ್ತಾಗಿಲ್ಲ. ಹೊರ ಅಂಚಿನಲ್ಲಿ ದುಂಡಗೆ ತಿರುಗಿ ನೋಡಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಮುಂಜಾವಿನ ನಡಿಗೆ: ನಮ್ಮದು ಚೆನ್ನಕೇಶವನ ಗುಡಿ, ಸೋಮಸೂತ್ರದ ಪ್ರಶ್ನೆ ನಮಗೆ ಬರುವುದಿಲ್ಲ. ಇಂದು ಬೆಳಿಗ್ಗೆ ನಾನೇ ಅಳೆದು ನೋಡಿದೆ. ಜಗಲಿಯ ಉದ್ದನೆಯ ಬದಿ 58 ಮೀಟರ್ ಎಂದು ಗೊತ್ತಿರುವುದರಿಂದ ಅದರ ಪಕ್ಕದಲ್ಲಿ ನನ್ನ ಎಂದಿನ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆ ಎಣಿಸಿದಾಗ 95, 97, 96 ಬಂದವು. ಸರಾಸರಿ 96 ಹೆಜ್ಜೆಯಾದರೆ ಒಂದು ಹೆಜ್ಜೆ 60 ಸೆಂಟಿಮೀಟರಿಗಿಂತ ತುಸು ಹೆಚ್ಚು. ನಾನು ಎಂದಿನಂತೆ ನಡೆಯುವ ಜಾಡಿನಲ್ಲಿ ಒಂದು ಪೂರ್ಣ ಸುತ್ತಿಗೆ 333 ಹೆಜ್ಜೆಯಾಯಿತು, ಅಂದರೆ 201 ಮೀಟರ್.

ಸರಪಳಿ: ಬರಿಗಾಲಿನಲ್ಲೇ ಎಣಿಸಿದಿರಿ ತಾನೆ? ಚಪ್ಪಲಿ ಹಾಕಿಕೊಂಡು ಎಣಿಸಿದ ಹೆಜ್ಜೆ ಕಲ್ಲುಚಪ್ಪಡಿಯ ಮೇಲಿನ ಬರಿಗಾಲಿನ ಹೆಜ್ಜೆಗೆ ಸಮನಾಗಿರುವುದಿಲ್ಲ. ಮುಂಗೈಯ ಗಡಿಯಾರದ ಹೆಜ್ಜೆಯೆಣಿಕೆಯನ್ನೂ ಇಲ್ಲಿ ನೆಚ್ಚಬೇಡಿ, ಕೈಮುಗಿದುಕೊಂಡು ನಡೆಯುವಾಗ ತೋಳು ಬೀಸದಿರುವುದರಿಂದ ಅದು ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ.

ಮುಂಜಾವಿನ ನಡಿಗೆ: ಬರಿಗಾಲಿನಲ್ಲೇ ಎಣಿಸಿದೆ. ಹಾಗಾದರೆ ನನಗೆ 20 ಸುತ್ತು. ಶ್ರಾವಣ ಶನಿವಾರಗಳಲ್ಲಿ ದರ್ಶನದ ಸಾಲು ಜಗಲಿಗೆ ಒತ್ತಿಕೊಂಡು ನಿಲ್ಲುವುದರಿಂದ ನಾವೆಲ್ಲ ಗೋಡೆಯ ಕಡೆಗೆ ಸರಿಯಬೇಕಾಗುತ್ತದೆ, ಆ ದಿನಗಳಿಗೆ 19 ಸಾಕು. ನಾಳೆಯಿಂದ ಹುಣಸೆಬೀಜ ತೆಗೆದುಕೊಂಡು ಹೋಗುತ್ತೇನೆ.