ಅಪ್‌ಡೇಟ್: ಇಂಗ್ಲಿಷ್ ಲೆಕ್ಚರಿಗೆ ಕನ್ನಡ ನೋಟ್ಸ್

ನಾನು ಕೇಳಿದ್ದು: "ಊರು ಮೂಡಿಗೆರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದೇನೆ. ಲೆಕ್ಚರ್ ಕೇಳುತ್ತಲೇ ಕನ್ನಡದಲ್ಲಿ ನೋಟ್ಸ್ ಬರೆಯೋದು ಹೇಗೆ?"

ಕೇಳುತ್ತಲೇ ಬರೆಯೋದನ್ನು ಬಿಟ್ಟೆ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಮೇಷ್ಟ್ರು ಮುಂದಿನ ಸ್ಲೈಡಿಗೆ ಹೋಗಿರುತ್ತಾರೆ. ಕ್ಲಾಸಲ್ಲಿ ಈಗ ಬರೀ ಪದ, ಬಾಣ:

ಲೈಮ್ → pH ↑ → Al ↓

ಅವತ್ತೇ ಸಂಜೆ ಪ್ರತಿ ಬಾಣಕ್ಕೂ 'ಯಾಕೆ' ಅಂತ ಕೇಳಿಕೊಂಡು ಕನ್ನಡದಲ್ಲಿ ಬಿಡಿಸುತ್ತೇನೆ: "ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ pH ಏರುತ್ತದೆ. ಆಗ ನೀರಲ್ಲಿ ಕರಗಿದ್ದ ಅಲ್ಯೂಮಿನಿಯಂ ಗಟ್ಟಿಯಾಗಿ ಕೂರುತ್ತದೆ. ಬೇರು ಮೊಟಕಾಗೋದು ತಪ್ಪುತ್ತದೆ." ಅಪ್ಪ ಕಾಫಿ ತೋಟಕ್ಕೆ ಸುಣ್ಣ ಎರಚೋದೂ ಇದಕ್ಕೇ ಅಲ್ವಾ!

ಬಾಣ ಬಿಡಿಸೋಕೆ ಬರದಿದ್ದರೆ ಅಲ್ಲಿ ಅರ್ಥವಾಗಿಲ್ಲ ಅಂತಲೇ. ಆ ಭಾಗದ ರೆಕಾರ್ಡಿಂಗ್ ಮಾತ್ರ ಮತ್ತೆ ಕೇಳುತ್ತೇನೆ. 'may', 'only if' ಥರದ ಸಣ್ಣ ಪದಗಳು ಸಂಜೆಯ ಹೊತ್ತಿಗೆ ನೆನಪಿಂದ ಉದುರಿಹೋಗುತ್ತವೆ, ಹಾಗಾಗಿ ಕ್ಲಾಸಲ್ಲೇ ಸುತ್ತು ಹಾಕಿಡುತ್ತೇನೆ. ಪರೀಕ್ಷೆ ಇಂಗ್ಲಿಷಲ್ಲೇ ಇರೋದರಿಂದ ವಿಷಯದ ಪದಗಳನ್ನು ಸುಮ್ನೆ ಹಾಗೇ ಬಿಟ್ಟಿದ್ದೇನೆ.